ಕೆಲಸದ ಮಾತು ಬಿಟ್ಟು ಬರೆದ ಜಾಹೀರಾತು

ಆನ್‌ಲೈನ್ ಕೋರ್ಸ್‌ಗಳಿಗೆ ಕನ್ನಡದಲ್ಲಿ ಜಾಹೀರಾತು ಬರೆಯುವುದು ನನ್ನ ಕಸುಬು. ಡಿಸೆಂಬರ್ ಎರಡನೇ ವಾರ ಬಂತೆಂದರೆ ಹೊಸ ವರ್ಷದ ರಿಯಾಯಿತಿಯ ಕರಡುಗಳು ನನ್ನ ಮೇಜಿಗೆ ಬರತೊಡಗುತ್ತವೆ. ಹೆಚ್ಚಿನವು ಬೆಂಗಳೂರಿನಲ್ಲೋ ದಿಲ್ಲಿಯಲ್ಲೋ ಇಂಗ್ಲಿಷ್‌ನಲ್ಲಿ ಬರೆದವು. ಅವನ್ನು ಕನ್ನಡಕ್ಕೆ ತರಬೇಕು. ಅಂಥ ಕರಡು ಹೇಗಿರುತ್ತದೆ ಎಂದು ತೋರಿಸಲು ಒಂದು ಮಾದರಿ ಕೊಡುತ್ತೇನೆ. ಇದು ಯಾವ ಒಂದು ಸಂಸ್ಥೆಯದೂ ಅಲ್ಲ, ನಾನು ಕಂಡ ಹತ್ತಾರು ಕರಡುಗಳನ್ನು ಕಲೆಸಿ ಮಾಡಿದ್ದು. ಇದರಲ್ಲಿ ಬರುವ ಅಂಕಿಗಳೂ ಲೆಕ್ಕ ತಿಳಿಯಲೆಂದು ನಾನೇ ಇಟ್ಟವು.

"ಹೊಸ ವರ್ಷ, ಹೊಸ ಕೆಲಸ! ಡೇಟಾ ಅನಲಿಟಿಕ್ಸ್ ಕಲಿಯಿರಿ, 16 ವಾರಗಳಲ್ಲಿ ಐಟಿ ಉದ್ಯೋಗ ಪಡೆಯಿರಿ. ಶೇ. 100 ಉದ್ಯೋಗ ಖಾತ್ರಿ. ಶೇ. 95 ಪ್ಲೇಸ್‌ಮೆಂಟ್ ದಾಖಲೆ. 24,999 ರೂ. ಕೋರ್ಸ್ ಈಗ ಬರೀ 9,999 ರೂ.ಗೆ. ತಿಂಗಳಿಗೆ 833 ರೂ. ಸಾಕು. 20 ಸೀಟು ಬಾಕಿ. ಆಫರ್ ಇಂದು ರಾತ್ರಿಗೆ ಮುಕ್ತಾಯ!"

ಓದಲು ಅರ್ಧ ನಿಮಿಷ ಸಾಕು. ಇದನ್ನು ಪ್ರಾಮಾಣಿಕವಾಗಿ ತಿದ್ದಿ ಬರೆಯಲು ಮಾತ್ರ ಒಂದು ವಾರ ಹಿಡಿಯುತ್ತದೆ. ಆ ವಾರದಲ್ಲಿ ಏನೇನು ನಡೆಯುತ್ತದೆ ಎಂದು ಹೇಳಿದರೆ, ಜನವರಿಯಲ್ಲಿ ನಿಮ್ಮ ಫೋನಿಗೆ ಬಂದು ಬೀಳುವ ಇಂಥ ಜಾಹೀರಾತುಗಳ ಒಳಗು ನಿಮಗೂ ಕಾಣುತ್ತದೆ.

ಮೊದಲು, ಜನವರಿಯೇ ಯಾಕೆ? 2014ರಲ್ಲಿ ಹೆಂಗ್‌ಚೆನ್ ಡೈ, ಕ್ಯಾಥರೀನ್ ಮಿಲ್ಕ್‌ಮನ್, ಜೇಸನ್ ರೀಸ್ ಎಂಬ ಮೂವರು ಅಮೆರಿಕದಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ವಾರದ ಮೊದಲ ದಿನ, ತಿಂಗಳ ಮೊದಲ ದಿನ, ವರ್ಷದ ಆರಂಭ, ಇಂಥ ಗಡಿಗಳನ್ನು ದಾಟುವಾಗ ಜನ ಜಿಮ್‌ಗೆ ಹೆಚ್ಚು ಹೋಗುತ್ತಾರೆ, ಪಥ್ಯದ ಬಗ್ಗೆ ಹೆಚ್ಚು ಹುಡುಕುತ್ತಾರೆ ಎಂದು ಅವರು ಅಂಕಿಗಳ ಸಮೇತ ತೋರಿಸಿದರು. ನಿನ್ನೆಯವರೆಗೆ ಆಗದೆ ಹೋದದ್ದೆಲ್ಲ ಹಳೆಯ ಖಾತೆಗೆ ಸೇರಿತು, ಇಂದಿನಿಂದ ಹೊಸ ಪುಟ ಎಂಬ ಭಾವನೆಯೇ ಅದಕ್ಕೆ ಕಾರಣ ಎಂಬುದು ಅವರ ವಿವರಣೆ. ದೀಪಾವಳಿಗೆ ಹೊಸ ಲೆಕ್ಕದ ಪುಸ್ತಕ ತೆರೆದು ಪೂಜೆ ಮಾಡುವ ಅಂಗಡಿಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಕೋರ್ಸ್ ಮಾರುವವರಿಗೂ ಗೊತ್ತು. ಕೊಳ್ಳುವ ಮನಸ್ಸು ತಾನಾಗಿಯೇ ಎದ್ದಿರುವ ಹತ್ತು ಹದಿನೈದು ದಿನ ಅದು.

ಕೊಳ್ಳುವುದು ಬೇರೆ, ಕಲಿಯುವುದು ಬೇರೆ. ಹಾರ್ವರ್ಡ್ ಮತ್ತು ಎಂಐಟಿ ಸೇರಿ ಕಟ್ಟಿದ ಎಡ್‌ಎಕ್ಸ್ ವೇದಿಕೆಯಲ್ಲಿ 2012ರಿಂದ 2018ರವರೆಗೆ ಆ ಎರಡು ಸಂಸ್ಥೆಗಳು ನೀಡಿದ ಕೋರ್ಸ್‌ಗಳ ಲೆಕ್ಕವನ್ನು ಜಸ್ಟಿನ್ ರೈಕ್ ಮತ್ತು ಹೊಸೆ ರುಯಿಪೆರೆಸ್ ವಲಿಯೆಂತೆ 2019ರ ಜನವರಿಯಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಕೊಟ್ಟರು. ಹೆಸರು ಬರೆಸಿದವರಲ್ಲಿ ಶೇ. 52 ಮಂದಿ ಪಾಠದ ಪುಟವನ್ನು ಒಮ್ಮೆಯೂ ತೆರೆದಿರಲಿಲ್ಲ. 2017-18ರಲ್ಲಿ ಕೋರ್ಸ್ ಮುಗಿಸಿದವರು ನೂರಕ್ಕೆ ಸುಮಾರು ಮೂವರು. ಇವು ಬಹುಪಾಲು ಪುಕ್ಕಟೆ ಕೋರ್ಸ್‌ಗಳು, ದುಡ್ಡು ಕೊಟ್ಟವರ ಕಥೆ ಇಷ್ಟು ಕೆಟ್ಟದಾಗಿರುವುದಿಲ್ಲ ಎನ್ನಬಹುದು. ಹೌದು, ಅದೇ ಅಧ್ಯಯನದಲ್ಲಿ ಪ್ರಮಾಣಪತ್ರಕ್ಕೆಂದು ಹಣ ಕಟ್ಟಿದವರಲ್ಲಿ ಆ ವರ್ಷ ಶೇ. 46 ಮಂದಿ ಮುಗಿಸಿದ್ದರು. ಅಂದರೆ ಹಣ ಕಟ್ಟಿದವರಲ್ಲೂ ಅರ್ಧಕ್ಕಿಂತ ಹೆಚ್ಚು ಜನ ಕೊನೆ ಮುಟ್ಟಲಿಲ್ಲ. ಈ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಕರಡಿಗೆ ಬರೋಣ. ನಾನು ಮೊದಲು ಕೆಂಪು ಗೆರೆ ಎಳೆಯುವುದು 'ಉದ್ಯೋಗ ಖಾತ್ರಿ' ಎಂಬ ಎರಡು ಪದಗಳಿಗೆ. ಅದಕ್ಕೆ ಕಾನೂನಿನ ಕಾರಣವಿದೆ, ಹೇಳುತ್ತೇನೆ. ಆದರೆ ಅದಕ್ಕೂ ಮೊದಲಿನ ಕಾರಣ ಒಂದು ಫೋನ್ ಕರೆ. ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಆಗಿದ್ದ ಇನ್ನೊಂದು ಕಂಪನಿಗೆ ನಾನೇ 'ಕೆಲಸ ಗ್ಯಾರಂಟಿ' ಎಂದು ಬರೆದುಕೊಟ್ಟಿದ್ದೆ. ಕೆಲವು ತಿಂಗಳ ಮೇಲೆ ತುಮಕೂರು ಕಡೆಯ ಒಬ್ಬ ತಂದೆ ಕಚೇರಿಗೆ ಫೋನ್ ಮಾಡಿದರು. ಕರೆ ಹೇಗೋ ನನ್ನ ಮೇಜಿಗೆ ಬಂತು. "ಪೇಪರ್‌ನಲ್ಲಿ ಕೆಲಸ ಗ್ಯಾರಂಟಿ ಅಂತ ಹಾಕಿದ್ರಲ್ಲ ಸ್ವಾಮಿ, ಅದನ್ನ ನೋಡೇ ಬಡ್ಡಿಗೆ ತಂದು ಕಟ್ಟಿದ್ವಿ. ಮಗಳ ಪಾಠ ಮುಗಿದು ಐದು ತಿಂಗಳಾಯ್ತು. ಯಾವತ್ತು ಕೊಡ್ತೀರಿ ಕೆಲಸ?" ಅವರ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಸಿಮೆಂಟ್ ಮೂಟೆ ಕೊಂಡರೆ ಯಾವತ್ತು ಇಳಿಸುತ್ತೀರಿ ಎಂದು ಕೇಳುವಂತೆಯೇ ಕೇಳಿದ್ದರು. ನನ್ನ ಬಳಿ ಕೊಡಲು ಕೆಲಸ ಇರಲಿಲ್ಲ, ಆ ಕಂಪನಿಯ ಬಳಿಯೂ ಇರಲಿಲ್ಲ. ಕೆಲಸ ಇರುವುದು ಮೂರನೆಯವರ ಕೈಯಲ್ಲಿ, ಅವರು ನಮ್ಮ ಒಪ್ಪಂದದಲ್ಲೇ ಇಲ್ಲ. ತನ್ನದಲ್ಲದ ವಸ್ತುವನ್ನು ಮಾರಿದಂತಾಗಿತ್ತು. ಅಂದಿನಿಂದ ನಾನು ಒಂದೇ ಅಳತೆಗೋಲು ಇಟ್ಟುಕೊಂಡಿದ್ದೇನೆ: ಕೋರ್ಸ್ ನಡೆಸುವವರ ಕೈಯಲ್ಲೇ ಇರುವುದನ್ನಷ್ಟೇ ಭರವಸೆಯಾಗಿ ಬರೆಯಬೇಕು.

ಇನ್ನು ಕಾನೂನು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಎಂಬುದು ಇದೆ. ದಾರಿ ತಪ್ಪಿಸುವ ಜಾಹೀರಾತಿಗೆ ಅದು 10 ಲಕ್ಷ ರೂ.ವರೆಗೆ ದಂಡ ಹಾಕಬಹುದು, ಮತ್ತೆ ಅದೇ ತಪ್ಪು ಮಾಡಿದರೆ 50 ಲಕ್ಷದವರೆಗೆ. ಈ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಕೋಚಿಂಗ್ ಕ್ಷೇತ್ರದ ಜಾಹೀರಾತುಗಳಿಗೆಂದೇ ಮಾರ್ಗಸೂಚಿ ಹೊರಡಿಸಿತು. ಅಲ್ಲಿ ಕೋಚಿಂಗ್ ಎಂದರೆ ಟ್ಯೂಷನ್ ಮಾತ್ರ ಅಲ್ಲ, ಕಲಿಕಾ ಕಾರ್ಯಕ್ರಮ, ಮಾರ್ಗದರ್ಶನ ಎಲ್ಲವೂ ಸೇರುತ್ತವೆ. ಕ್ರೀಡೆ, ನೃತ್ಯ, ರಂಗಭೂಮಿಯಂಥ ಸೃಜನಶೀಲ ವಿಷಯಗಳನ್ನು ಹೊರಗಿಟ್ಟಿದ್ದಾರೆ. ಉದ್ಯೋಗ ಭದ್ರತೆ, ಸಂಬಳ ಏರಿಕೆ, ಖಚಿತ ಪ್ರವೇಶ ಎಂದೆಲ್ಲ ಸುಳ್ಳು ಭರವಸೆ ಕೊಡುವಂತಿಲ್ಲ. ಇಲ್ಲದ ಕೊರತೆ ಹುಟ್ಟಿಸಿ 'ಇಷ್ಟೇ ಸೀಟು ಉಳಿದಿದೆ' ಎಂದು ಅವಸರ ಮಾಡಿಸುವಂತಿಲ್ಲ. ಗೆದ್ದವರ ಫೋಟೊ, ಹೆಸರು, ಅವರ ಮೆಚ್ಚುಗೆಯ ಮಾತು ಬಳಸಬೇಕಾದರೆ ಅವರಿಂದ ಲಿಖಿತ ಒಪ್ಪಿಗೆ ಬೇಕು. ಆ ಒಪ್ಪಿಗೆಯನ್ನು ಕೋರ್ಸ್ ಸೇರುವಾಗಲೇ ಬರೆಸಿಕೊಳ್ಳದೆ, ಅವರು ಗೆದ್ದ ಮೇಲೆ ಪಡೆಯಬೇಕು.

ಈ ಕೊನೆಯ ನಿಯಮದ ಹಿಂದೆ ಒಂದು ಹಳೆಯ ಚಾಳಿ ಇದೆ. ಐಎಎಸ್ ಪರೀಕ್ಷೆಯಲ್ಲಿ ರ‍್ಯಾಂಕ್ ಪಡೆದ ಅಭ್ಯರ್ಥಿ ಒಂದು ಸಂಸ್ಥೆಯಲ್ಲಿ ಪುಕ್ಕಟೆ ಸಂದರ್ಶನ ಮಾರ್ಗದರ್ಶನಕ್ಕಷ್ಟೇ ಹೋಗಿದ್ದರೂ, ಲಕ್ಷ ರೂಪಾಯಿಯ ಪೂರ್ಣ ಕೋರ್ಸ್‌ನ ಜಾಹೀರಾತಿನಲ್ಲಿ ಅವರ ಮುಖ ಹಾಕುತ್ತಿದ್ದರು. ಅದಕ್ಕೇ ಈಗ ಫೋಟೊದ ಜೊತೆಗೆ ಅವರು ಯಾವ ಕೋರ್ಸ್ ಪಡೆದರು, ಎಷ್ಟು ಅವಧಿಯದು, ಹಣ ಕೊಟ್ಟು ಪಡೆದರೇ ಎಂಬುದನ್ನೂ ಹಾಕಬೇಕು. ಡೇಟಾ ಕೋರ್ಸ್‌ಗೂ ಈ ಪ್ರಶ್ನೆ ಅಷ್ಟೇ ಸರಿಯಾಗಿ ಹೊಂದುತ್ತದೆ. ಫೋಟೊದಲ್ಲಿ ನಗುತ್ತಿರುವ ಯುವಕ ಕೋರ್ಸ್‌ಗೆ ಮೊದಲೇ ನಾಲ್ಕು ವರ್ಷ ಐಟಿ ಕಂಪನಿಯಲ್ಲಿದ್ದವನೇ, ಇಲ್ಲ ಬಿ.ಕಾಂ. ಮುಗಿಸಿ ಮನೆಯಲ್ಲಿದ್ದವನೇ? ಇಬ್ಬರಿಗೂ ಕೆಲಸ ಸಿಕ್ಕಿರಬಹುದು. ನಿಮ್ಮ ಮಗನಿಗೆ ಹೋಲಿಕೆಯಾಗುವವನು ಎರಡನೆಯವನು ಮಾತ್ರ.

ಜಾಹೀರಾತು ಉದ್ಯಮವೇ 1985ರಲ್ಲಿ ಕಟ್ಟಿಕೊಂಡ ಸ್ವಯಂನಿಯಂತ್ರಣ ಸಂಸ್ಥೆ ಆಸ್ಕಿಯ ನಿಯಮ ಇನ್ನೂ ಸೂಕ್ಷ್ಮವಾಗಿದೆ. ಸೇರಿದರೆ ಕೆಲಸ, ಬಡ್ತಿ, ಸಂಬಳ ಏರಿಕೆ ಆಗುತ್ತದೆ ಎಂದು ಜನ ನಂಬುವಂತೆ ಬರೆಯಬೇಕಾದರೆ ಸಾಕ್ಷ್ಯ ಕೊಡಬೇಕು, ಪೂರ್ಣ ಹೊಣೆ ಹೊರಬೇಕು. ಜೊತೆಗೆ, ಹಿಂದಿನ ದಾಖಲೆ ಮುಂದಿನ ಉದ್ಯೋಗಕ್ಕೆ ಖಾತ್ರಿಯಲ್ಲ ಎಂಬ ಸೂಚನೆ ಹಾಕಬೇಕು. ಆ ಸೂಚನೆಯ ಅಕ್ಷರ, ಹೇಳಿಕೆಯ ಅಕ್ಷರಕ್ಕಿಂತ ಚಿಕ್ಕದಿರಬಾರದು. ನೂರಕ್ಕೆ ನೂರು ಪ್ಲೇಸ್‌ಮೆಂಟ್ ಎನ್ನುವವರು ಆ ತಂಡದಲ್ಲಿ ತೇರ್ಗಡೆಯಾದವರು ಒಟ್ಟು ಎಷ್ಟು ಮಂದಿ ಎಂಬುದನ್ನೂ ಹೇಳಬೇಕು.

ಒಟ್ಟು ಎಷ್ಟು ಮಂದಿ ಎಂಬ ಈ ಪ್ರಶ್ನೆಯಲ್ಲೇ ಎಲ್ಲ ಇದೆ. ಕರಡಿನಲ್ಲಿರುವ 'ಶೇ. 95 ಪ್ಲೇಸ್‌ಮೆಂಟ್' ಎಂಬುದನ್ನು ಬಿಡಿಸಿ ನೋಡೋಣ. ಒಂದು ಬ್ಯಾಚ್‌ಗೆ 400 ಜನ ಹಣ ಕಟ್ಟಿ ಸೇರಿದರು ಎನ್ನಿ. ಕೊನೆಯವರೆಗೆ ಬಂದು ಪ್ರಾಜೆಕ್ಟ್ ಒಪ್ಪಿಸಿದವರು 120. ಎಡ್‌ಎಕ್ಸ್ ಲೆಕ್ಕ ನೆನಪಿದ್ದರೆ ಇದು ಆಶ್ಚರ್ಯವಲ್ಲ. ಈ 120ರಲ್ಲಿ ಪ್ಲೇಸ್‌ಮೆಂಟ್ ವಿಭಾಗ ಒಂದು ಪರೀಕ್ಷೆ ಇಟ್ಟು 60 ಜನರನ್ನು 'ಅರ್ಹರು' ಎಂದು ಆರಿಸಿತು. ಆ 60ರಲ್ಲಿ 57 ಜನರಿಗೆ ಏನೋ ಒಂದು ಸಿಕ್ಕಿತು. 60ಕ್ಕೆ 57 ಎಂದರೆ ಶೇ. 95. ಜಾಹೀರಾತಿನ ಸಂಖ್ಯೆ ಲೆಕ್ಕದ ಪ್ರಕಾರ ಸರಿಯಾಗಿಯೇ ಇದೆ. ಆದರೆ ಇವತ್ತು ಹಣ ಕಟ್ಟಲು ಹೊರಟ ನೀವು ಆ 60ರಲ್ಲಿ ಇನ್ನೂ ಇಲ್ಲ, 400ರಲ್ಲಿ ಒಬ್ಬರು. 400ಕ್ಕೆ 57 ಎಂದರೆ ಶೇ. 14. ಇನ್ನು ಆ 'ಏನೋ ಒಂದು' ಎಂಬುದರೊಳಗೆ ಮೂರು ತಿಂಗಳ ಸಂಬಳವಿಲ್ಲದ ಇಂಟರ್ನ್‌ಶಿಪ್, ಡೇಟಾಗೆ ಸಂಬಂಧವೇ ಇಲ್ಲದ ಮಾರಾಟದ ಕೆಲಸ, ಮೊದಲೇ ನೌಕರಿಯಲ್ಲಿದ್ದು ಅಲ್ಲೇ ಮುಂದುವರಿದವರು, ಕೋರ್ಸ್ ಮಾಡಿದ ಸಂಸ್ಥೆಯಲ್ಲೇ ಪಾಠ ಹೇಳಲು ಸೇರಿದವರು, ಎಲ್ಲರೂ ಇರಬಹುದು.

ಇದು ಬರೀ ಊಹೆಯಲ್ಲ, ದೊಡ್ಡ ಮಟ್ಟದಲ್ಲಿ ನಡೆದ ಉದಾಹರಣೆ ಅಮೆರಿಕದಲ್ಲಿದೆ. ಲ್ಯಾಂಬ್ಡಾ ಸ್ಕೂಲ್ ಎಂದು ಶುರುವಾಗಿ ಆಮೇಲೆ ಬ್ಲೂಮ್‌ಟೆಕ್ ಎಂದು ಹೆಸರು ಬದಲಿಸಿದ ಆನ್‌ಲೈನ್ ಕೋಡಿಂಗ್ ಶಾಲೆ, ಮೊದಲು ಶುಲ್ಕ ಬೇಡ, ಕೆಲಸ ಸಿಕ್ಕ ಮೇಲೆ ಸಂಬಳದಲ್ಲಿ ಪಾಲು ಕೊಡಿ ಎಂದು ಹೆಸರು ಮಾಡಿತು. ತನ್ನ ವಿದ್ಯಾರ್ಥಿಗಳಲ್ಲಿ ಶೇ. 71ರಿಂದ 86 ಮಂದಿಗೆ ಉದ್ಯೋಗವಾಗಿದೆ ಎಂದು ಪ್ರಚಾರ ಮಾಡಿತು. 2024ರ ಏಪ್ರಿಲ್‌ನಲ್ಲಿ ಅಲ್ಲಿನ ಗ್ರಾಹಕ ಹಣಕಾಸು ರಕ್ಷಣಾ ಸಂಸ್ಥೆ ಕ್ರಮ ಕೈಗೊಂಡಾಗ ಹೇಳಿದ್ದು, ಕಂಪನಿಯ ಒಳಗಿನ ಲೆಕ್ಕಗಳಲ್ಲಿ ಆ ಪ್ರಮಾಣ ಶೇ. 50ರ ಹತ್ತಿರವಿತ್ತು, ಕೆಲವು ಗುಂಪುಗಳಲ್ಲಿ 30ಕ್ಕೂ ಇಳಿದಿತ್ತು ಎಂದು. 'ಸಾಲವಲ್ಲ' ಎಂದು ಮಾರಿದ್ದು ನಿಜವಾಗಿ ಸಾಲವೇ ಎಂದೂ ಹೇಳಿತು. ಆ ಕಂಪನಿಗೆ ಗ್ರಾಹಕರಿಗೆ ಸಾಲ ಕೊಡುವುದನ್ನೇ ಶಾಶ್ವತವಾಗಿ ನಿಷೇಧಿಸಿದರು. ನನಗೆ ಈ ಪ್ರಕರಣದಲ್ಲಿ ಮುಖ್ಯವಾಗಿ ಕಾಣುವುದು ಇದು: ಶಾಲೆ ಕಲಿಸದೆ ಮೋಸ ಮಾಡಲಿಲ್ಲ, ಪಾಠ ನಡೆಯಿತು, ಕಲಿತವರೂ ಇದ್ದರು. ಕೆಟ್ಟದ್ದು ಕೆಲಸದ ಸಂಖ್ಯೆಯ ಮೇಲೆ ಕಟ್ಟಿದ ಮಾರಾಟ.

'ಕೆಲಸ ಸಿಗದಿದ್ದರೆ ಹಣ ವಾಪಸ್' ಎಂಬ ಮಾತು ಖಾತ್ರಿಗಿಂತ ಒಂದು ಮೆಟ್ಟಿಲು ಕೆಳಗಿನದು, ಕೇಳಲು ನ್ಯಾಯವಾಗಿಯೇ ಇದೆ. ಅದರ ಷರತ್ತುಗಳ ಪುಟ ತೆರೆದು ಓದಿ. ನಾನು ಕಂಡ ಪುಟಗಳಲ್ಲಿ ಸಾಮಾನ್ಯವಾಗಿ ಇರುವುದು ಹೀಗೆ: ಹಾಜರಾತಿ ಶೇ. 90ಕ್ಕೆ ಕಡಿಮೆಯಾಗಬಾರದು, ಒಂದೂ ಅಸೈನ್‌ಮೆಂಟ್ ತಡವಾಗಬಾರದು, ಸೂಚಿಸಿದ ಪ್ರತಿ ಸಂದರ್ಶನಕ್ಕೂ ಹೋಗಲೇಬೇಕು, ಯಾವ ಊರಿನ ಯಾವ ಸಂಬಳದ ಕೆಲಸ ಬಂದರೂ ನಿರಾಕರಿಸುವಂತಿಲ್ಲ, ಕೋರ್ಸ್ ಮುಗಿದು ಆರು ತಿಂಗಳಾಗುವವರೆಗೆ ಕೇಳುವಂತಿಲ್ಲ, ಆರು ತಿಂಗಳಾದ ಮೇಲೆ ಹದಿನೈದು ದಿನದೊಳಗೆ ಅರ್ಜಿ ಹಾಕದಿದ್ದರೆ ಹಕ್ಕು ಹೋಯಿತು. ಒಂದೊಂದೇ ನೋಡಿದರೆ ಅತಿರೇಕ ಎನಿಸುವುದಿಲ್ಲ. ಆದರೆ ಎಲ್ಲವನ್ನೂ ಒಟ್ಟಿಗೆ ಪಾಲಿಸಬೇಕು, ಒಂದು ತಪ್ಪಿದರೂ ಹಣವಿಲ್ಲ. ಕೊಪ್ಪಳದ ಹುಡುಗಿಗೆ ಗುರುಗ್ರಾಮದಲ್ಲಿ ತಿಂಗಳಿಗೆ 14,000 ರೂ. ಕೆಲಸ ಬಂದು, ಮನೆಯವರು ಬೇಡವೆಂದರೆ, ಭರವಸೆ ಅಲ್ಲಿಗೆ ತೀರಿತು. ಹಾಗಾಗಿ ನಾನು ಈ ವಾಕ್ಯವನ್ನೂ ತೆಗೆಯುತ್ತೇನೆ.

'ಶೇ. 100 ಪ್ಲೇಸ್‌ಮೆಂಟ್ ನೆರವು' ಎಂಬುದು ಇನ್ನೊಂದು ಜಾಣತನ. ನೂರು ಎಂಬ ಅಂಕಿ ಕಣ್ಣಿಗೆ ಬೀಳುತ್ತದೆ, 'ನೆರವು' ಎಂಬ ಪದ ಓದುವ ಹೊತ್ತಿಗೆ ಮನಸ್ಸು ತೀರ್ಮಾನ ಮಾಡಿರುತ್ತದೆ. ನೆರವಿಗೆ ಶೇಕಡಾವಾರು ಯಾಕೆ? ನೆರವು ಕೊಡುವವರು ಏನು ಕೊಡುತ್ತಾರೆಂದು ಎಣಿಸಿ ಹೇಳಬಹುದು. ರೆಸ್ಯೂಮೆಯನ್ನು ಎರಡು ಸಲ ತಿದ್ದಿಕೊಡುತ್ತೇವೆ, ಅನುಭವಿಗಳ ಜೊತೆ ಮೂರು ಅಣಕು ಸಂದರ್ಶನ ನಡೆಸುತ್ತೇವೆ, ಕೆಲಸದ ಪ್ರಕಟಣೆಗಳನ್ನು ಆರು ತಿಂಗಳು ಕಳಿಸುತ್ತೇವೆ. ಇವು ಸಂಸ್ಥೆಯ ಕೈಯಲ್ಲೇ ಇರುವ ಕೆಲಸಗಳು, ಮಾಡದಿದ್ದರೆ ಯಾರಾದರೂ ಹಿಡಿದು ಕೇಳಬಹುದು.

ಕೆಲಸದ ಮಾತು ಹೋದ ಮೇಲೆ ಕರಡಿನಲ್ಲಿ ಉಳಿಯುವುದು ಬೆಲೆ. ಇಲ್ಲಿ ನಾನು ಲೆಕ್ಕದ ವಿಭಾಗಕ್ಕೆ ಒಂದೇ ಪ್ರಶ್ನೆ ಕೇಳುತ್ತೇನೆ: ಕಳೆದ ಅಕ್ಟೋಬರ್‌ನಲ್ಲಿ ಇದೇ ಕೋರ್ಸ್‌ಗೆ ಜನ ನಿಜವಾಗಿ ಕೊಟ್ಟದ್ದೆಷ್ಟು? ನಮ್ಮ ಮಾದರಿಯಲ್ಲಿ ಉತ್ತರ 12,000 ರೂ. ಮತ್ತು ಅದರ ಮೇಲೆ ಶೇ. 18 ಜಿಎಸ್‌ಟಿ, ಒಟ್ಟು 14,160. ಹಾಗಾದರೆ 24,999 ಎಂಬ ಅಡ್ಡಗೆರೆ ಹೊಡೆದ ಬೆಲೆಯನ್ನು ಯಾರೂ ಯಾವತ್ತೂ ಕೊಟ್ಟಿಲ್ಲ. ಅಡ್ಡಗೆರೆ ಹೊಡೆಯಲೆಂದೇ ಅದು ಹುಟ್ಟಿದ್ದು. ಹೊಸ ಬೆಲೆ 9,999 ಎನ್ನುವುದೂ ಪೂರ್ತಿಯಲ್ಲ, ಹಣ ಕಟ್ಟುವ ಕೊನೆಯ ಪುಟದಲ್ಲಿ ಜಿಎಸ್‌ಟಿ ಸೇರಿ 11,799 ಆಗುತ್ತದೆ. ಬೆಲೆಯನ್ನು ಹೀಗೆ ತುಂಡು ತುಂಡಾಗಿ ತೊಟ್ಟಿಕ್ಕಿಸುವುದನ್ನು 2023ರ ನವೆಂಬರ್‌ನ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿ ಹೆಸರು ಹಿಡಿದೇ ನಿಷೇಧಿಸಿದೆ. ಆ ಪಟ್ಟಿಯಲ್ಲಿ ಇಂಥ 13 ಕುತಂತ್ರಗಳಿವೆ. 14,160ರಿಂದ 11,799ಕ್ಕೆ ಇಳಿದರೆ ಉಳಿತಾಯ 2,361 ರೂ., ಅಂದರೆ ಶೇ. 17ಕ್ಕಿಂತ ಸ್ವಲ್ಪ ಕಡಿಮೆ. ಜಾಹೀರಾತು ಹೇಳಿದ್ದು ಶೇ. 60. ಎರಡು ಸಾವಿರ ಚಿಲ್ಲರೆ ಉಳಿತಾಯವೂ ಸಣ್ಣದೇನಲ್ಲ, ಅದನ್ನು ಇದ್ದಂತೆ ಹೇಳಲು ನಾಚಿಕೆ ಯಾಕೆ ಎಂಬುದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

'ತಿಂಗಳಿಗೆ 833' ಎಂಬುದು ತೆರಿಗೆ ಬಿಟ್ಟ ಮೊತ್ತವನ್ನು 12ರಿಂದ ಭಾಗಿಸಿದ್ದು. ತೆರಿಗೆ ಸೇರಿಸಿದರೆ 983. ಆದರೆ ಇಲ್ಲಿ ಎಚ್ಚರಿಸಬೇಕಾದದ್ದು 150 ರೂ. ವ್ಯತ್ಯಾಸದ ಬಗ್ಗೆ ಅಲ್ಲ. ಈ 'ಕಂತು' ಬಹುಪಾಲು ಸಂದರ್ಭಗಳಲ್ಲಿ ಕೋರ್ಸ್ ಸಂಸ್ಥೆಗೆ ನೀವು ಕಟ್ಟುವ ಕಂತಲ್ಲ. ಒಂದು ಬ್ಯಾಂಕೇತರ ಹಣಕಾಸು ಕಂಪನಿ ನಿಮ್ಮ ಹೆಸರಿನಲ್ಲಿ ಸಾಲ ಬರೆದು, ಪೂರ್ತಿ ಹಣವನ್ನು ಕೋರ್ಸ್ ಸಂಸ್ಥೆಗೆ ಒಂದೇ ಸಲ ಕೊಟ್ಟುಬಿಡುತ್ತದೆ. ಎರಡನೇ ವಾರಕ್ಕೆ ಪಾಠ ಹಿಡಿಸದೆ ನೀವು ಬಿಟ್ಟರೂ, ನಾಳೆ ಸಂಸ್ಥೆಯೇ ಬಾಗಿಲು ಹಾಕಿದರೂ, ಸಾಲದ ಕಂತು ಪ್ರತಿ ತಿಂಗಳು ಖಾತೆಯಿಂದ ಹೋಗುತ್ತಲೇ ಇರುತ್ತದೆ. ನಿಲ್ಲಿಸಿದರೆ ಸಿಬಿಲ್ ಅಂಕ ಬೀಳುತ್ತದೆ, ಮುಂದೆ ಮನೆ ಸಾಲಕ್ಕೆ ಹೋದಾಗ ಅದು ಎದುರು ನಿಲ್ಲುತ್ತದೆ. ಕೇಂದ್ರ ಶಿಕ್ಷಣ ಸಚಿವಾಲಯ 2021ರ ಡಿಸೆಂಬರ್‌ನಲ್ಲೇ ಆನ್‌ಲೈನ್ ಶಿಕ್ಷಣ ಕಂಪನಿಗಳ ಬಗ್ಗೆ ಪೋಷಕರಿಗೆ ಎಚ್ಚರಿಕೆ ಕೊಟ್ಟಾಗ, ತಾನಾಗಿ ಹಣ ಕಡಿತವಾಗುವ ವ್ಯವಸ್ಥೆಗೆ ಒಪ್ಪಿಗೆ ಕೊಡಬೇಡಿ ಎಂದು ಹೇಳಿದ್ದು ಇದಕ್ಕೇ. ರಿಸರ್ವ್ ಬ್ಯಾಂಕ್ ನಿಯಮದಂತೆ ಡಿಜಿಟಲ್ ಸಾಲ ಕೊಡುವವರು ಬಡ್ಡಿ, ಶುಲ್ಕ ಎಲ್ಲ ಸೇರಿದ ಮುಖ್ಯಾಂಶಗಳ ಹಾಳೆಯನ್ನು ಮೊದಲೇ ಕೊಡಬೇಕು, ದಂಡವಿಲ್ಲದೆ ಹಿಂದೆ ಸರಿಯಲು ಕಾಲಾವಕಾಶವನ್ನೂ ಕೊಡಬೇಕು. ಕೋರ್ಸ್ ರದ್ದು ಮಾಡುವುದು, ಸಾಲ ರದ್ದು ಮಾಡುವುದು ಎರಡು ಬೇರೆ ಬೇರೆ ಅರ್ಜಿಗಳು. ಒಂದನ್ನು ಮಾಡಿ ಇನ್ನೊಂದು ಆಯಿತೆಂದು ಸುಮ್ಮನಿದ್ದವರೇ ಹೆಚ್ಚು ಕಷ್ಟಕ್ಕೆ ಸಿಕ್ಕಿದ್ದಾರೆ. ಹಾಗಾಗಿ ನನ್ನ ಜಾಹೀರಾತಿನಲ್ಲಿ ಕಂತು ಇದ್ದರೆ 'ಸಾಲ' ಎಂಬ ಪದವೂ ಅದೇ ಗಾತ್ರದಲ್ಲಿ ಇರಬೇಕೆಂದು ಹಟ ಹಿಡಿಯುತ್ತೇನೆ.

'ಇಂದು ರಾತ್ರಿಗೆ ಮುಕ್ತಾಯ' ಎಂಬುದನ್ನು ನೀವೇ ಪರೀಕ್ಷಿಸಬಹುದು. ಪುಟದ ಮೇಲೆ ಗಡಿಯಾರ ಹಿಂದಕ್ಕೆ ಓಡುತ್ತಿದ್ದರೆ, ಬ್ರೌಸರ್‌ನ ಖಾಸಗಿ ಕಿಟಕಿಯಲ್ಲಿ ಅದೇ ಪುಟ ಇನ್ನೊಮ್ಮೆ ತೆರೆಯಿರಿ, ಇಲ್ಲವೇ ಮನೆಯ ಇನ್ನೊಬ್ಬರ ಫೋನಿನಲ್ಲಿ ನೋಡಿ. ಅಲ್ಲಿ ಗಡಿಯಾರ ಮತ್ತೆ ಎರಡು ಗಂಟೆಯಿಂದ ಶುರುವಾಗಿದ್ದರೆ ಅದು ಆಫರ್‌ನ ಗಡುವು ಅಲ್ಲ, ನೀವು ಪುಟ ತೆರೆದ ಕ್ಷಣದಿಂದ ಓಡುವ ಆಟಿಕೆ. ಸೀಟಿನ ಮಾತು ಹಾಗಲ್ಲ, ಅದರಲ್ಲಿ ನಿಜವೂ ಇರಬಹುದು. ಮೊದಲೇ ಚಿತ್ರೀಕರಿಸಿದ ಪಾಠಕ್ಕೆ ಸೀಟು ಎಂಬುದೇ ಇಲ್ಲ. ನೇರ ತರಗತಿ ನಡೆಸಿ, ಒಬ್ಬ ಮಾರ್ಗದರ್ಶಕರಿಗೆ 30 ಜನ ಎಂದು ಹಂಚುವ ಕಡೆ ಮಿತಿ ನಿಜವೇ. ಆಗ ಎಷ್ಟು ಮಂದಿ ಮಾರ್ಗದರ್ಶಕರು, ಎಷ್ಟು ಸೀಟು ಎಂದು ಬರೆದರೆ ಓದುವವರಿಗೆ ಕಾರಣ ತಾನೇ ತಿಳಿಯುತ್ತದೆ.

ಇಷ್ಟೆಲ್ಲ ತೆಗೆದ ಮೇಲೆ ಮಾರಾಟ ವಿಭಾಗದವರು ಕೇಳುವ ಪ್ರಶ್ನೆ ಪ್ರತಿ ವರ್ಷ ಒಂದೇ: "ಮತ್ತೆ ಉಳಿದದ್ದೇನು? ಜನ ಯಾಕೆ ಸೇರಬೇಕು?" ಈ ಪ್ರಶ್ನೆಗೆ ಜಾಹೀರಾತು ಬರೆಯುವವನು ಉತ್ತರ ಕೊಡಲಾರ, ಪಾಠ ಹೇಳುವವರು ಕೊಡಬೇಕು. ಹಾಗಾಗಿ ನಾನು ಶಿಕ್ಷಕರ ಹತ್ತಿರ ಹೋಗಿ ಕೂರುತ್ತೇನೆ. ಹದಿನಾರು ವಾರ ಮುಗಿದ ದಿನ ಈ ವಿದ್ಯಾರ್ಥಿ ಒಬ್ಬಳೇ ಕೂತು ಏನು ಮಾಡಬಲ್ಲಳು ಎಂದು ಕೇಳುತ್ತೇನೆ. ಒಳ್ಳೆಯ ಶಿಕ್ಷಕರು ಇದಕ್ಕೆ ತಡವರಿಸುವುದಿಲ್ಲ. "ಒಂದು ಎಪಿಎಂಸಿಯ ಮೂರು ವರ್ಷದ ಧಾರಣೆ ಕೊಟ್ಟರೆ, ಅದರಲ್ಲಿರೋ ತಪ್ಪು ನಮೂದುಗಳನ್ನ ಹುಡುಕಿ ಸರಿಪಡಿಸ್ತಾಳೆ. ಎಸ್‌ಕ್ಯುಎಲ್‌ನಲ್ಲಿ ಪ್ರಶ್ನೆ ಬರೆದು ಯಾವ ತಿಂಗಳು ಈರುಳ್ಳಿ ಬೆಲೆ ಬಿತ್ತು ಅಂತ ತೆಗೀತಾಳೆ. ಅದನ್ನ ಪವರ್ ಬಿಐನಲ್ಲಿ ಒಂದು ಪುಟದ ಚಿತ್ರ ಮಾಡಿ ವಿವರಿಸ್ತಾಳೆ." ಉತ್ತರ ಇಷ್ಟು ಗಟ್ಟಿಯಾಗಿದ್ದರೆ ನನ್ನ ಕೆಲಸ ಮುಗಿದಂತೆಯೇ. ಉತ್ತರ ಬರದೆ ತಡವರಿಸಿದರೆ, 'ಉದ್ಯೋಗ ಖಾತ್ರಿ' ಎಂಬ ಪದ ಯಾವ ತೂತು ಮುಚ್ಚಲು ಬಂದಿತ್ತು ಎಂಬುದೂ ಗೊತ್ತಾಗುತ್ತದೆ.

ಪುಕ್ಕಟೆಯಾಗಿ ಸಿಗುವುದರ ಜೊತೆ ಹೋಲಿಸಿಯೂ ಬರೆಯಬೇಕು ಎನ್ನುವುದು ನನ್ನ ಅಭಿಪ್ರಾಯ, ಎಲ್ಲರೂ ಒಪ್ಪುವುದಿಲ್ಲ. ಐಐಟಿಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಎನ್‌ಪಿಟಿಇಎಲ್‌ನಲ್ಲಿ, ಕೇಂದ್ರ ಸರ್ಕಾರದ ಸ್ವಯಂ ವೇದಿಕೆಯಲ್ಲಿ ಜನವರಿಗೇ ಹೊಸ ಸೆಮಿಸ್ಟರ್ ಶುರುವಾಗುತ್ತದೆ. ಪಾಠ ಪುಕ್ಕಟೆ, ಪ್ರಮಾಣಪತ್ರ ಬೇಕಾದವರು ಮಾತ್ರ ಶುಲ್ಕ ಕಟ್ಟಿ ಪರೀಕ್ಷಾ ಕೇಂದ್ರಕ್ಕೆ ಹೋಗಿ ಬರೆಯಬೇಕು. ಅಲ್ಲಿ ಸಿಗುವ ವಿಷಯವನ್ನೇ ನಾವು 11,799ಕ್ಕೆ ಮಾರುತ್ತಿದ್ದರೆ ಯಾರೂ ಕೊಳ್ಳಬೇಕಿಲ್ಲ. ಕನ್ನಡದಲ್ಲಿ ನೇರ ತರಗತಿ, ಕೇಳಿದ ಸಂಶಯಕ್ಕೆ 24 ಗಂಟೆಯೊಳಗೆ ಉತ್ತರ, ಪ್ರತಿ ವಾರ ಅಸೈನ್‌ಮೆಂಟ್ ತಿದ್ದಿಕೊಡುವ ಮನುಷ್ಯ, ಈ ಮೂರಕ್ಕೆ ಹಣ. ಅರ್ಧದಲ್ಲೇ ಬಿಡುವವರನ್ನು ಉಳಿಸಿಕೊಳ್ಳುವುದೂ ಇವೇ.

ಕೊನೆಗೆ ಅಚ್ಚಾಗುವ ಜಾಹೀರಾತು ಹೀಗಿರುತ್ತದೆ:

"ಈ ಜನವರಿಯಲ್ಲಿ ಡೇಟಾ ಅನಲಿಟಿಕ್ಸ್, ಕನ್ನಡದಲ್ಲಿ. 16 ವಾರ, ವಾರಕ್ಕೆ 6 ಗಂಟೆ: 3 ಗಂಟೆ ನೇರ ತರಗತಿ, 3 ಗಂಟೆ ಅಭ್ಯಾಸ. ಎಕ್ಸೆಲ್, ಎಸ್‌ಕ್ಯುಎಲ್, ಪವರ್ ಬಿಐ ಬಳಸಿ ನಿಮ್ಮ ಊರಿನ ಮಾರುಕಟ್ಟೆ ಧಾರಣೆಯನ್ನು ನೀವೇ ವಿಶ್ಲೇಷಿಸುವಿರಿ. ಸಂಶಯಕ್ಕೆ 24 ಗಂಟೆಯೊಳಗೆ ಉತ್ತರ. 2 ಸಲ ರೆಸ್ಯೂಮೆ ತಿದ್ದುಪಡಿ, 3 ಅಣಕು ಸಂದರ್ಶನ. ಉದ್ಯೋಗ ಕೊಡಿಸುವ ಭರವಸೆ ಇಲ್ಲ. ತೆರಿಗೆ ಸೇರಿ 11,799 ರೂ., ಅಕ್ಟೋಬರ್‌ನಲ್ಲಿ 14,160 ಇತ್ತು. ಜನವರಿ 10ರವರೆಗೆ. ಇಬ್ಬರು ಮಾರ್ಗದರ್ಶಕರು, 60 ಸೀಟು. ಮೊದಲ ಎರಡು ವಾರದೊಳಗೆ ಬಿಟ್ಟರೆ ಪೂರ್ತಿ ಹಣ ವಾಪಸ್."

'ಉದ್ಯೋಗ ಕೊಡಿಸುವ ಭರವಸೆ ಇಲ್ಲ' ಎಂಬ ವಾಕ್ಯಕ್ಕೆ ಪ್ರತಿ ಸಲ ಜಗಳವಾಗುತ್ತದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಹಾಕೋಣ ಎನ್ನುತ್ತಾರೆ. ನಾನು ಅದನ್ನು ಅಣಕು ಸಂದರ್ಶನದ ಸಾಲಿನ ಪಕ್ಕದಲ್ಲೇ, ಅದೇ ಗಾತ್ರದಲ್ಲಿ ಇಡುತ್ತೇನೆ. ಸಂದರ್ಶನ ಎಂಬ ಪದ ಓದಿದ ತಕ್ಷಣ ಮನಸ್ಸು ಕೆಲಸದ ಕಡೆ ಓಡುತ್ತದೆ. ಅದು ಓಡುವ ಜಾಗದಲ್ಲೇ ತಡೆಯಬೇಕು.

ಜಾಹೀರಾತು ಇಷ್ಟು ಶುದ್ಧವಾಗಿ ಹೊರಟರೂ ಸೋರುವ ಜಾಗ ಒಂದು ಉಳಿಯುತ್ತದೆ, ಅದು ಫೋನ್. ಜಾಹೀರಾತು ನೋಡಿ ನಂಬರ್ ಕೊಟ್ಟವರಿಗೆ 'ಕೌನ್ಸೆಲರ್' ಎಂದು ಕರೆಸಿಕೊಳ್ಳುವ ಮಾರಾಟದವರು ಕರೆ ಮಾಡುತ್ತಾರೆ. ಅವರ ಸಂಬಳದ ಒಂದು ಭಾಗ ಎಷ್ಟು ಜನರನ್ನು ಸೇರಿಸಿದರು ಎಂಬುದರ ಮೇಲೆ ನಿಂತಿರುತ್ತದೆ. ಮುದ್ರಿತ ಜಾಹೀರಾತಿನಿಂದ ನಾವು ತೆಗೆದ ಮಾತೆಲ್ಲ ಅಲ್ಲಿ ಬಾಯಿಮಾತಾಗಿ ವಾಪಸ್ ಬರುತ್ತದೆ: "ನೂರಕ್ಕೆ ನೂರು ಆಗುತ್ತೆ ಸರ್, ಬರೆದುಕೊಡೋಕೆ ಕಂಪನಿ ಬಿಡಲ್ಲ ಅಷ್ಟೇ." ಈ ಮಾತು ಕೇಳಿದರೆ ಒಂದೇ ಕೆಲಸ ಮಾಡಿ. ನೀವು ಈಗ ಹೇಳಿದ್ದನ್ನು ಕಂಪನಿಯ ಇಮೇಲ್‌ನಿಂದ ಒಂದು ಸಾಲು ಬರೆದು ಕಳಿಸಿ, ಬಂದ ಮೇಲೆ ಕಟ್ಟುತ್ತೇನೆ ಎನ್ನಿ. ನಿಜವಾದ ಮಾತಾದರೆ ಇಮೇಲ್ ಬರುತ್ತದೆ. ಬಂದದ್ದು, ಬರದೆ ಹೋದದ್ದು, ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಚಿತ್ರ, ಹಣ ಕಟ್ಟಿದ ಪುಟದ ಸ್ಕ್ರೀನ್‌ಶಾಟ್, ಎಲ್ಲವನ್ನೂ ಉಳಿಸಿಕೊಳ್ಳಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕನ್ನಡದಲ್ಲೇ ದೂರು ಹೇಳಬಹುದು. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಕೊಟ್ಟ ಹಣ 5 ಲಕ್ಷ ರೂ. ಮೀರದಿದ್ದರೆ ಅಲ್ಲಿ ದೂರು ಸಲ್ಲಿಸಲು ಶುಲ್ಕವಿಲ್ಲ.

ಹಾಗಾಗಿ ನಾನು ಈಗ ಜಾಹೀರಾತಿನ ಜೊತೆಗೆ ಫೋನಿನಲ್ಲಿ ಆಡುವ ಮಾತುಗಳನ್ನೂ ಬರೆದುಕೊಡುತ್ತೇನೆ. ಅದರಲ್ಲಿ ಹೆಚ್ಚು ಹೊತ್ತು ತೆಗೆದುಕೊಂಡ ಉತ್ತರ ಒಂದೇ ಒಂದು ಪ್ರಶ್ನೆಗೆ, ಎಲ್ಲರೂ ಕೇಳುವ ಆ ಪ್ರಶ್ನೆಗೆ. ಕಳೆದ ಜನವರಿಯಲ್ಲಿ ಹೊಸದಾಗಿ ಸೇರಿದ ಒಬ್ಬ ಹುಡುಗಿ ಕರೆ ಮಾಡುವಾಗ ನಾನು ಪಕ್ಕದಲ್ಲೇ ಕೂತಿದ್ದೆ. ಆ ಕಡೆ ಹೆಂಗಸಿನ ದನಿ: "ಕೆಲಸ ಸಿಗುತ್ತೇನಮ್ಮಾ ನನ್ನ ಮಗನಿಗೆ?" ಹುಡುಗಿ ಹಾಳೆ ನೋಡಿದಳು, ಒಂದು ಕ್ಷಣ ತಡೆದಳು. ಆಮೇಲೆ ಹಾಳೆ ಪಕ್ಕಕ್ಕಿಟ್ಟು ತನ್ನ ಮಾತಿನಲ್ಲೇ ಹೇಳಿದಳು. "ಅದನ್ನ ನಾವು ಹೇಳೋಕೆ ಬರಲ್ಲ ಅಮ್ಮಾ. ಕೆಲಸ ಕೊಡೋರು ಬೇರೆಯವರು. ನಾವು ಕಲಿಸ್ತೀವಿ, ಸಂದರ್ಶನಕ್ಕೆ ತಯಾರಿ ಮಾಡಿಸ್ತೀವಿ. ದಿನಾ ಒಂದು ಗಂಟೆ ಕೂರೋಕೆ ಆಗುತ್ತಾ ಅವನಿಗೆ?"

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಇರು, ಅವನನ್ನೇ ಕರೀತೀನಿ" ಎಂದರು.